ಎಲ್‌ಎಲ್ ಪರೀಕ್ಷೆಯ ದನದ ಪ್ರಶ್ನೆ: ಹಾರ್ನ್ ಹೊಡೆದು ನಿಧಾನ ಹೋದ್ರೆ ತಪ್ಪು ಹೇಗೆ?

ಹೊನ್ನಾವರದ_ಹೊಸಬಿ
ಎಲ್‌ಎಲ್ ಅಂದ್ರೆ ಕಲಿಕಾ ಲೈಸೆನ್ಸ್ ಪರೀಕ್ಷೆಗೆ ಅಭ್ಯಾಸ ಮಾಡ್ತಾ ಇದ್ದೇನೆ. ಒಂದು ಪ್ರಶ್ನೆ ಪದೇ ಪದೇ ತಪ್ತಾ ಇದೆ. ಸಾರಾಂಶ ಇಷ್ಟು: ಪ್ರಾಣಿಯನ್ನು ನೋಡಿಕೊಳ್ಳುತ್ತಿರುವ ವ್ಯಕ್ತಿಗೆ ಅದು ಕೈ ಮೀರಬಹುದು ಅಂತ ಅನಿಸಿ, ವಾಹನ ನಿಲ್ಲಿಸಿ ಅಂತ ಕೇಳಿದರೆ ಚಾಲಕ ಏನು ಮಾಡಬೇಕು? ಉತ್ತರಗಳಲ್ಲಿ ಒಂದು ನಿಲ್ಲಿಸಬೇಕು, ಇನ್ನೊಂದು ಹಾರ್ನ್ ಮಾಡಿ ಮುಂದೆ ಹೋಗಬೇಕು. ನಾನು ಎರಡನೇದು ಒತ್ತಿದ್ದೆ, ತಪ್ಪು ಅಂತ ಬಂತು.

ನಮ್ಮ ಕಡೆ ಎಲ್ಲರೂ ದನ ಕಂಡ್ರೆ ಹಾರ್ನ್ ಹೊಡೆದು ನಿಧಾನ ದಾಟ್ತಾರೆ. ಅದು ತಪ್ಪು ಅಂತ ಯಾಕೆ? ಕುಮಟಾ–ಶಿರಸಿ ರಸ್ತೆಯಲ್ಲಿ ಪ್ರತಿ ದನಕ್ಕೂ ನಿಂತರೆ ಶಿರಸಿ ಮುಟ್ಟೋದು ಯಾವಾಗ?

ಅಂಕೋಲಾ_ಕ್ಲಚ್
ನಿಲ್ಲಿಸಬೇಕು ಅಂತ ಬರೆದು ಮಾರ್ಕ್ಸ್ ತಗೋ ಮಾರಾಯ್ತಿ. ಮುಂದಿನ ಪ್ರಶ್ನೆ.

ಹಳೇ_ಬ್ರೇಕ್_ಶಿರಸಿ
ಅಷ್ಟರಲ್ಲೇ ಮುಗಿಸಿದ್ರೆ ಪಾಸಾಗ್ತಾರೆ, ಪ್ರಶ್ನೆ ಅರ್ಥ ಆಗೋದಿಲ್ಲ. ಇದು ರಸ್ತೆಯಲ್ಲಿ ದನ ಕಂಡಾಗ ಏನು ಮಾಡಬೇಕು ಅನ್ನೋ ಪ್ರಶ್ನೆ ಅಲ್ಲ. ದನದ ಜೊತೆ ಒಬ್ಬ ಮನುಷ್ಯ ಇದ್ದಾನೆ, ಅವನು ನಿಲ್ಲಿಸಿ ಅಂತ ಕೇಳ್ತಿದ್ದಾನೆ. ಅಲ್ಲಿಗೆ ಸಂಗತಿ ಬದಲಾಯ್ತು.

ಮೋಟಾರು ವಾಹನ ಕಾಯ್ದೆ 1988ರ 132ನೇ ಕಲಂ ಇದನ್ನೇ ಹೇಳೋದು. ಪ್ರಾಣಿ ಹಿಡಿದವನಿಗೆ ಅದು ಕೈ ತಪ್ಪಬಹುದು, ಅಥವಾ ನಿಮ್ಮ ಗಾಡಿಗೆ ಬೆದರಿ ಕೈ ತಪ್ಪಬಹುದು ಅಂತ ಅನಿಸಿ ನಿಲ್ಲಿಸಿ ಅಂದರೆ ಚಾಲಕ ನಿಲ್ಲಿಸಲೇಬೇಕು. ಅನಿಸಬೇಕಾದ್ದು ಅವನಿಗೆ, ನಿಮಗಲ್ಲ. "ನನಗೆ ಸಾಧು ಹಸು ಥರ ಕಾಣ್ತು" ಅನ್ನೋದು ಉತ್ತರ ಆಗೋದಿಲ್ಲ. ದಿನಾ ಅದನ್ನು ಮೇಯೋಕೆ ಬೇಣಕ್ಕೆ ಹೊಡೆಯೋನಿಗೆ ಅದರ ಕಿವಿ ತಿರುಗಿದ್ದು, ಬಾಲ ಎತ್ತಿದ್ದು ಗೊತ್ತಾಗ್ತದೆ. ನಿಮಗೆ ಗಾಜಿನ ಹಿಂದಿಂದ ಬರೀ ದನ ಕಾಣ್ತದೆ.

ಹಾಗಾಗಿ ಹಾರ್ನ್ ಅನ್ನೋದು ಬೇಕಂತಲೇ ಇಟ್ಟ ಬಲೆ. ಬೆದರೋ ಪ್ರಾಣಿಗೆ ಇನ್ನಷ್ಟು ಬೆದರಿಸೋದು ಅದು. ಜಾನುವಾರಿನ ಪ್ರಶ್ನೆಯಲ್ಲಿ ಹಾರ್ನ್, ವೇಗ ಹೆಚ್ಚಿಸು, ಹೆಡ್‌ಲೈಟ್ ಮಿನುಗಿಸು ಅನ್ನೋ ಉತ್ತರ ಕಂಡ್ರೆ ಮೊದಲು ಅನುಮಾನ ಪಡಿ.

ನಿಲ್ಲಿಸೋದು ಅಂದ್ರೆ ಚಕ್ರ ತಿರುಗಬಾರದು. ಕ್ಲಚ್ ಮೇಲೆ ತೆವಳ್ತಾ ಮುಂದೆ ಸರಿಯೋದಲ್ಲ. ಎಂಟ್ಹತ್ತು ಮೀಟರ್ ದೂರದಲ್ಲೇ ನಿಂತು, ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ. ಬೈಕಾದ್ರೆ ಎಂಜಿನ್ ಆಫ್ ಮಾಡಿ, ಸೈಲೆನ್ಸರ್ ಸದ್ದಿಗೇ ಅರ್ಧ ಬೆದರೋದು. ಅವನು ದನವನ್ನು ಒಂದು ಬದಿಗೆ ತಿರುಗಿಸಿ ಕೈ ಬೀಸಿದ ಮೇಲೆ ಹೊರಡಿ.

ಗೇರ್_ನಾಲ್ಕು
ಕಲಂ 132 ಓದಿದ್ರೆ "24 ಗಂಟೆ ಮೀರದಂತೆ" ಅಂತಲೂ ಇದೆ. ಒಂದು ದಿನ ಪೂರ್ತಿ ಎಮ್ಮೆ ಮುಂದೆ ನಿಲ್ಲೋದಾ? 😄

ಹಳೇ_ಬ್ರೇಕ್_ಶಿರಸಿ
ಅಗತ್ಯ ಇರುವಷ್ಟು ಹೊತ್ತು, ಅದಕ್ಕೆ ಮೇಲಿನ ಮಿತಿ 24 ಗಂಟೆ. ಅಪಘಾತ ಆದಾಗ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಪೊಲೀಸ್ ಅಧಿಕಾರಿ ನಿಲ್ಲಿಸಲು ಹೇಳಿದಾಗಲೂ ಅದೇ ಕಲಂ ಅನ್ವಯ, ಆ ದೊಡ್ಡ ಅವಧಿ ಅಂಥದ್ದಕ್ಕೆ. ದನ ದಾಟೋದಕ್ಕೆ ಎರಡು ನಿಮಿಷ ಸಾಕು.

ಸದಾಶಿವಗಡ_ಸವಾರ
ಅಂದ್ರೆ ನಾಯಿ ಹಿಡಿದುಕೊಂಡವರು ಕೈ ತೋರಿಸಿದ್ರೂ ಕಾನೂನು ಪ್ರಕಾರ ನಿಲ್ಲಬೇಕು. ಪ್ರಾಣಿ ಅಂದ್ಮೇಲೆ ಎಲ್ಲ ಪ್ರಾಣಿ ಬಂತು.

ಹಳೇ_ಬ್ರೇಕ್_ಶಿರಸಿ
ಅಲ್ಲೇ ಎಡವಿದ್ರಿ. ಆ ಕಲಮಿನ ಮಟ್ಟಿಗೆ ಪ್ರಾಣಿ ಯಾವುದು ಅಂತ ಕಾಯ್ದೆಯೇ ಪಟ್ಟಿ ಕೊಟ್ಟಿದೆ: ಕುದುರೆ, ದನ, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ, ಮೇಕೆ. ನಾಯಿ ಇಲ್ಲ, ಹಂದಿ ಇಲ್ಲ, ಬೆಕ್ಕೂ ಇಲ್ಲ.

ಸದಾಶಿವಗಡ_ಸವಾರ
ಹಾಗಾದ್ರೆ ನಾಯಿಗೆ ನಿಲ್ಲೋದು ಬೇಡ ಅಂತ ಅರ್ಥವಾ?

ಹಳೇ_ಬ್ರೇಕ್_ಶಿರಸಿ
ಹಾಗೆ ನಾನು ಹೇಳಲಿಲ್ಲ. 132 ಅನ್ವಯ ಆಗೋದಿಲ್ಲ, ಅಷ್ಟೇ. ಎಚ್ಚರ ಇಲ್ಲದೆ ಓಡಿಸಿದ್ರೆ ಬೇರೆ ಕಲಂ ಇದ್ದೇ ಇದೆ. ಪರೀಕ್ಷೆಯಲ್ಲಿ ನಾಯಿ ಹೆಸರಲ್ಲಿ ಪ್ರಶ್ನೆ ಬಂದ್ರೂ ನಿಧಾನ ಮಾಡು, ನಿಲ್ಲಲು ತಯಾರಿರು ಅನ್ನೋದೇ ಸರಿ ಉತ್ತರ.

ಎಮ್ಮೆ_ಪಕ್ಷ
ಎಮ್ಮೆ ಎಲ್ಲಿ ಪಟ್ಟಿಯಲ್ಲಿ? ದನ ಅಂದ್ರೆ ಹಸು-ಎತ್ತು. ನಮ್ಮ ಕಡೆ ಎಮ್ಮೆ ಬೇರೆ, ದನ ಬೇರೆ.

ಗೇರ್_ನಾಲ್ಕು
ಇಂಗ್ಲಿಷ್ ಮೂಲದಲ್ಲಿರೋ ಕ್ಯಾಟಲ್ ಪದವನ್ನು ಜಾನುವಾರು ಅಂತ ತಿಳ್ಕೊಂಡ್ರೆ ಎಮ್ಮೆ ಬರ್ತದೆ. ದನ ಅಂತ ಅನುವಾದ ಮಾಡಿದ್ರೆ ಬರೋದಿಲ್ಲ. ಕೋರ್ಟಲ್ಲಿ ವಾದ ಮಾಡೋಕೆ ಒಳ್ಳೆ ವಿಷಯ.

ಎಮ್ಮೆ_ಪಕ್ಷ
ಎಮ್ಮೆಗೆ ಹಾರ್ನ್ ಕೇಳ್ಸೋದೇ ಇಲ್ಲ, ಅದಕ್ಕೆ ಕಲಂ ಬೇಡ.

ಭಟ್ಕಳ_ಬುಲೆಟ್
ನನ್ನದು ಬೇರೆ ಪ್ರಶ್ನೆ. ನಮ್ಮ ಚಿಕ್ಕಪ್ಪನ ಗಾಡಿಗೆ ಬೀಡಾಡಿ ದನ ಅಡ್ಡ ಬಂದು ಬಂಪರ್ ಹೋಯ್ತು. ಮಾಲೀಕ ಆಮೇಲೆ ಬಂದು ದನದ ದುಡ್ಡು ಕೇಳ್ತಾನೆ. ನಿಲ್ಲಿಸಬೇಕು ಅನ್ನೋರು ಇದಕ್ಕೇನು ಹೇಳ್ತೀರಿ? ದನ ರಸ್ತೆಗೆ ಬಿಟ್ಟೋನ ತಪ್ಪು ಅಲ್ವಾ?

ಹೊನ್ನಾವರದ_ಹೊಸಬಿ
ಅಣ್ಣಾ, ನಾನು ಕೇಳಿದ್ದು ಪರೀಕ್ಷೆಯ ಪ್ರಶ್ನೆ 😅

ವಿಮೆ_ವಿಚಾರ
ಎರಡೂ ಕಡೆ ತಪ್ಪಿರಬಹುದು. ಸಾಕಿದ ಪ್ರಾಣಿಯಿಂದ ಜನಕ್ಕೆ ಅಪಾಯ ಆಗದಂತೆ ನೋಡಿಕೊಳ್ಳದೆ ಬಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ, ಅದು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹಾಗಂತ ನೀವು ಎಪ್ಪತ್ತರ ವೇಗದಲ್ಲಿ ಬಂದಿದ್ರೆ ಅದು ನಿಮ್ಮನ್ನು ಬಿಡಿಸೋದಿಲ್ಲ. ನಿಮ್ಮ ಗಾಡಿಯ ಹಾನಿಗೆ ಥರ್ಡ್ ಪಾರ್ಟಿ ಪಾಲಿಸಿ ಸಾಲದು, ಸ್ವಂತ ಹಾನಿಯ ಭಾಗವೂ ಇರೋ ಪಾಲಿಸಿ ಬೇಕು. ಗಾಡಿ ಸರಿಸೋ ಮೊದಲು ಫೋಟೋ ತೆಗೀರಿ: ದನ ಬಿದ್ದ ಜಾಗ, ಬ್ರೇಕ್ ಗುರುತು, ಕೊಂಬಿನಲ್ಲಿ ಅಥವಾ ಕಿವಿಯಲ್ಲಿ ಗುರುತು ಏನಿದೆ ಅನ್ನೋದು. ಅಪಘಾತದಿಂದ ತೊಂದರೆ ಆದವರು ತಮ್ಮ ಹೆಸರು-ವಿಳಾಸ ಕೊಟ್ಟು ಕೇಳಿದ್ರೆ ನಿಮ್ಮದೂ, ಗಾಡಿ ಮಾಲೀಕರದೂ ಕೊಡಬೇಕು. ಅದು 132ರಲ್ಲೇ ಇದೆ. ಸ್ಥಳದಲ್ಲೇ ನಗದು ಚೌಕಾಸಿ ಮಾಡಿಬಿಟ್ರೆ ಆಮೇಲೆ ಕ್ಲೇಮ್ ಕಷ್ಟ.

ಪಶುವೈದ್ಯೆ_ಯಲ್ಲಾಪುರ
ಗಾಯಗೊಂಡ ಪ್ರಾಣಿಗೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಅನ್ನೋ ಸಂಚಾರಿ ಪಶು ಚಿಕಿತ್ಸೆಯ ಗಾಡಿ ಅಲ್ಲಿಂದ ಸಿಗ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ದನ ಬಿದ್ದು ದಾರಿ ಕಟ್ಟಿದ್ರೆ 1033. ಬಿದ್ದ ದನವನ್ನು ಬಾಲ ಹಿಡಿದು ಎಳೀಬೇಡಿ, ಎಬ್ಬಿಸಲಿಕ್ಕೂ ಹೋಗ್ಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ರೆ ಎಬ್ಬಿಸೋ ಅವಸರದಲ್ಲೇ ಅದರ ಕಥೆ ಮುಗೀತದೆ. ಒದ್ದುಕೊಂಡು ಏಳೋಕೆ ನೋಡೋ ಪ್ರಾಣಿಯ ಹಿಂಗಾಲಿನ ಬದಿಗೆ ನಿಲ್ಲಬೇಡಿ.

ಅಂಕೋಲಾ_ಕ್ಲಚ್
ದನ ಮಳೆಗಾಲದಲ್ಲೇ ರಸ್ತೆ ಮೇಲೆ ಯಾಕೆ ಮಲಗ್ತವೆ? ಕೊಟ್ಟಿಗೆ ಇದ್ದವೂ ಮಲಗ್ತವಲ್ಲ.

ಪಶುವೈದ್ಯೆ_ಯಲ್ಲಾಪುರ
ಅವಕ್ಕೆ ಅದು ಲಾಭದ ಜಾಗ. ಸುತ್ತಲಿನ ಹುಲ್ಲು, ಮಣ್ಣು ರಾಡಿ ಆಗಿರುವಾಗ ಡಾಂಬರು ನೀರು ಬೇಗ ಬಿಟ್ಟು ಒಣಗ್ತದೆ, ಹಗಲಿನ ಬಿಸಿಯನ್ನೂ ಸ್ವಲ್ಪ ಹಿಡಿದಿಟ್ಟಿರ್ತದೆ. ಬಯಲಲ್ಲಿ ಗಾಳಿ ಆಡ್ತದೆ, ನೊಣ-ಸೊಳ್ಳೆ ಕಾಟ ಕಡಿಮೆ. ಮಲಗಿ ಮೆಲುಕು ಹಾಕೋ ದನಕ್ಕೆ ಏಳೋ ಮನಸ್ಸಿರೋದಿಲ್ಲ, ಎದ್ದರೂ ಮೊದಲು ಹಿಂಗಾಲು, ಆಮೇಲೆ ಮುಂಗಾಲು. ಅಷ್ಟರಲ್ಲಿ ಒಂದೆರಡು ಸೆಕೆಂಡ್ ಹೋಗಿರ್ತದೆ. ಹಾರ್ನ್ ಮಾಡಿದ್ರೆ ಪಟ್ ಅಂತ ಸರೀತದೆ ಅಂತ ಲೆಕ್ಕ ಹಾಕಿ ಬಂದವರು ಅಲ್ಲೇ ಸೋಲೋದು.

ನಮ್ಮ ಮಲೆನಾಡ ಗಿಡ್ಡ ತಳಿಯ ದನ ಹೆಸರಿಗೆ ತಕ್ಕ ಹಾಗೆ ಕುಳ್ಳ. ಮಲಗಿದ್ರೆ ಇನ್ನೂ ತಗ್ಗು. ಬಹಳಷ್ಟು ಕಪ್ಪು ಅಥವಾ ಕಂದು. ಒದ್ದೆ ಡಾಂಬರಿನ ಮೇಲೆ ಕಪ್ಪು ದನ ಮಲಗಿದ್ರೆ ರಸ್ತೆಯ ತೇಪೆ ಥರ ಕಾಣ್ತದೆ.

ಕಡಲ_ಬದಿ_ಕಾರು
ರಾತ್ರಿ ಅದರ ಕಣ್ಣು ಹೊಳೆಯೋದಿಲ್ವಾ? ಅದಕ್ಕೇ ಹೈಬೀಮ್ ಹಾಕಿದ್ರಾಯ್ತು. ಕಣ್ಣು ಕಂಡ ಕೂಡಲೇ ಬ್ರೇಕ್.

ಹಳೇ_ಬ್ರೇಕ್_ಶಿರಸಿ
ಅರ್ಧ ಸರಿ. ತಲೆ ನಿಮ್ಮ ಕಡೆ ಇದ್ದು, ಕಣ್ಣು ತೆರೆದಿದ್ರೆ ಹೊಳೀತದೆ. ಮಲಗಿದ ದನ ಮುಖ ಆ ಕಡೆ ಹಾಕಿದ್ರೆ ನಿಮಗೆ ಸಿಗೋದು ಬೆನ್ನು ಮಾತ್ರ. ಎದುರಿಂದ ಗಾಡಿ ಬಂದಾಗ ಹೈಬೀಮ್ ಇಳಿಸಲೇಬೇಕು, ಪರೀಕ್ಷೆಯೂ ಅದನ್ನೇ ಕೇಳ್ತದೆ. ಅವನ ಬೆಳಕಿಗೆ ನಿಮ್ಮ ಕಣ್ಣು ಕುರುಡಾಗೋ ಹೊತ್ತಿಗೇ ಅವನ ಗಾಡಿಯ ಹಿಂದೆ ದನ ಇರೋದು.

ಲೆಕ್ಕ ಹಾಕಿ ನೋಡಿ. ಹಂಗಾಮಿನ ಮಳೆ, ರಾತ್ರಿ, ಲೋಬೀಮ್, 60ರಲ್ಲಿ ಬರ್ತಿದ್ದೀರಿ. 60 ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಂಡಿದ್ದು ದನ ಅಂತ ತಿಳಿದು ಬ್ರೇಕ್ ಮೇಲೆ ಕಾಲು ಇಡೋಕೆ ಒಂದೂವರೆ ಸೆಕೆಂಡ್ ಅಂದ್ರೂ 25 ಮೀಟರ್ ಹೋಯ್ತು. ಒದ್ದೆ ರಸ್ತೆಯಲ್ಲಿ ನಿಲ್ಲೋಕೆ ಇನ್ನೂ 35 ಮೀಟರ್. ಒಟ್ಟು 60. ಲೋಬೀಮಿನಲ್ಲಿ ಕಪ್ಪು ದನ 40 ಮೀಟರ್ ದೂರದಲ್ಲಿ ಕಂಡ್ರೇ ಪುಣ್ಯ. ಅಂದ್ರೆ ಬ್ರೇಕ್ ಹಿಡೀತಿರುವಾಗಲೇ ದನ ಸಿಗ್ತದೆ, ಆಗ ವೇಗ ಇನ್ನೂ 45ರ ಆಸುಪಾಸು ಇರ್ತದೆ.

ಅದೇ 40ರಲ್ಲಿ ಬಂದ್ರೆ? ಯೋಚಿಸೋಕೆ 17, ನಿಲ್ಲೋಕೆ 16, ಒಟ್ಟು 33. ದನದ ಮುಂದೆ ಏಳು ಮೀಟರ್ ಉಳೀತದೆ. ಟೈರಿನ ಪಟ್ಟೆ ಸವೆದಿದ್ರೆ, ಲೈಟಿನ ಗಾಜಿನ ಮೇಲೆ ಕೆಸರಿದ್ರೆ ಈ ಲೆಕ್ಕ ಕೈ ಕೊಡ್ತದೆ, ಅದನ್ನೂ ನೆನಪಿಡಿ.

ಕಡಲ_ಬದಿ_ಕಾರು
ಹೆದ್ದಾರಿಯಲ್ಲಿ 40 ಹೋದ್ರೆ ಹಿಂದಿನ ಲಾರಿ ನನ್ನ ಮೇಲೆ ಬರ್ತದೆ ಮಾರಾಯ್ರೇ.

ಹಳೇ_ಬ್ರೇಕ್_ಶಿರಸಿ
ಬರ್ತದೆ, ಅದನ್ನು ಇಲ್ಲ ಅನ್ನೋದಿಲ್ಲ. ನಾಲ್ಕು ಪಥದಲ್ಲಿ ಎದುರಿನ ಬೆಳಕು ದೂರ ಇರೋದ್ರಿಂದ ಹೈಬೀಮ್ ಹೆಚ್ಚು ಹೊತ್ತು ಸಿಗ್ತದೆ, ಅಲ್ಲಿ 40 ಅಂತ ನಾನು ಹಟ ಹಿಡಿಯೋದಿಲ್ಲ. ಆದ್ರೆ ಅಲ್ಲಿ ದನ ಮಲಗೋದು ಹೆಚ್ಚಾಗಿ ಮೀಡಿಯನ್ ಅಂಚಿಗೆ, ಅಂದ್ರೆ ವೇಗದ ಪಥಕ್ಕೆ. ಬಲ ಪಥ ಖಾಲಿ ಇದೆ ಅಂತ ಅಲ್ಲೇ ಉಳೀಬೇಡಿ.

ದನ ಕಂಡು ಬ್ರೇಕ್ ಹಾಕುವಾಗ ಹಿಂದಿನವನಿಗೆ ಮುಂಚೆಯೇ ಪೆಡಲ್ ಎರಡು ಸಲ ಮೆಲ್ಲಗೆ ಒತ್ತಿ ಲೈಟ್ ತೋರಿಸಿ. ನಿಂತ ಮೇಲೆ ಹಜಾರ್ಡ್ ಹಾಕಿ.

ಘಟ್ಟದ_ಕೆಳಗೆ
ನಿಂತಿರೋ ದನವನ್ನು ಯಾವ ಕಡೆಯಿಂದ ದಾಟೋದು? ಎಡವೋ ಬಲವೋ?

ಪಶುವೈದ್ಯೆ_ಯಲ್ಲಾಪುರ
ಎಡ-ಬಲ ಲೆಕ್ಕ ಬೇಡ, ಬಾಲದ ಕಡೆಯಿಂದ. ದನ ಹಿಂದಕ್ಕೆ ಸರಿಯೋದು ಕಮ್ಮಿ, ಹೆಜ್ಜೆ ಇಟ್ಟರೆ ತಲೆ ಇದ್ದ ಕಡೆಗೇ. ತಲೆಯ ಮುಂದಿಂದ ನುಗ್ಗಿದ್ರೆ ಅದು ನಡೆಯೋ ದಾರಿಗೇ ನೀವು ಹೋಗಿರ್ತೀರಿ. ಹಿಂದೆ ಹೋಗುವಾಗ ಕಾಲಿಗೆ ಒರಗಿಕೊಂಡು ಹೋಗಬೇಡಿ, ಜಾಗ ಬಿಡಿ. ಆ ಕಡೆ ಎದುರು ಗಾಡಿ ಇದ್ರೆ ಕಾಯಬೇಕು, ಬೇರೆ ಉಪಾಯ ಇಲ್ಲ.

ಎರಡು ಸಂಗತಿ ನೋಡಿ. ರಸ್ತೆಯ ಒಂದು ಕಡೆ ಹಸು, ಇನ್ನೊಂದು ಕಡೆ ಕರು ಇದ್ರೆ ಎರಡೂ ದಾಟಿ ಒಂದು ಬದಿಗೆ ಬಂದ ಮೇಲೇ ಹೊರಡಿ. ನಡುವೆ ನೀವು ನುಗ್ಗಿದ್ರೆ ಕರು ತಾಯಿ ಕಡೆ ಓಡೇ ಓಡ್ತದೆ. ಮತ್ತೆ ಹಗ್ಗ.

ಘಟ್ಟದ_ಕೆಳಗೆ
ಹಗ್ಗ ಅಂದ್ರೆ?

ಪಶುವೈದ್ಯೆ_ಯಲ್ಲಾಪುರ
ರಸ್ತೆ ಬದಿಯ ಹುಲ್ಲಿಗೆ ಗೂಟ ಬಡಿದು ಉದ್ದ ಹಗ್ಗದಲ್ಲಿ ಕಟ್ಟಿರ್ತಾರೆ. ದನ ರಸ್ತೆ ದಾಟಿ ಆಚೆ ಬದಿಯ ಹುಲ್ಲಿಗೆ ಹೋಗಿರ್ತದೆ. ಸಡಿಲ ಇದ್ದಾಗ ಹಗ್ಗ ಡಾಂಬರಿನ ಮೇಲೆ ಬಿದ್ದಿರ್ತದೆ, ಕೆಸರು ಬಣ್ಣ, ಕಾಣೋದೇ ಇಲ್ಲ. ನೀವು ಹತ್ತಿರ ಬಂದ ಸದ್ದಿಗೆ ದನ ತಲೆ ಎತ್ತಿ ಒಂದು ಹೆಜ್ಜೆ ಆಚೆ ಇಟ್ಟರೆ ಹಗ್ಗ ಬಿಗಿದು ಬೈಕಿನವನ ಎದೆ ಮಟ್ಟಕ್ಕೂ ಬರಬಹುದು. ರಸ್ತೆಯ ಒಂದು ಬದಿಗೆ ಒಂಟಿ ದನ, ಕೊರಳಲ್ಲಿ ಹಗ್ಗ ಕಂಡರೆ ಇನ್ನೊಂದು ಬದಿಯಲ್ಲಿ ಗೂಟ ಹುಡುಕಿ. ಗೂಟ ಸಿಗದಿದ್ರೆ ನಿಂತು, ಅದು ಯಾವ ಕಡೆ ಕಟ್ಟಿದ್ದು ಅಂತ ತಿಳಿದ ಮೇಲೆ ಹೋಗಿ.

ಹೊನ್ನಾವರದ_ಹೊಸಬಿ
ಇದು ಪುಸ್ತಕದಲ್ಲಿ ಎಲ್ಲೂ ಇಲ್ಲವಲ್ಲ!

ಗೇರ್_ನಾಲ್ಕು
ಪುಸ್ತಕ ಬರೆದವರು ನಮ್ಮ ಊರಿನ ರಸ್ತೆಗೆ ಬಂದಿಲ್ಲ.

ಸ್ಕೂಟಿ_ಕುಮಟಾ
ದನ ಬಿಡಿ, ನಾಯಿಗೆ ಏನು ಮಾಡೋದು? ಅಡ್ಡ ಬಂದ್ರೆ ಹ್ಯಾಂಡಲ್ ತಿರುಗಿಸಿ ತಪ್ಪಿಸ್ಬೇಕು, ಪ್ರಾಣಿ ಜೀವ ದೊಡ್ಡದು.

ಮೆಕ್ಯಾನಿಕ್_ಗೋಕರ್ಣ_ಕ್ರಾಸ್
ಹ್ಯಾಂಡಲ್ ತಿರುಗಿಸಿ ಬ್ರೇಕ್ ಒತ್ತಿದ್ರೆ ಮುಂದಿನ ಚಕ್ರ ಜಾರ್ತದೆ. ನಾಯಿ ಉಳೀತದೆ, ನೀವು ರಸ್ತೆಯಲ್ಲಿ ಉರುಳಿ ಎದುರಿನ ಬಸ್ಸಿನ ಮುಂದೆ ಹೋಗ್ತೀರಿ. ಗಾಡಿ ನೇರ ಇಟ್ಟು, ಎರಡೂ ಬ್ರೇಕ್ ಒಟ್ಟಿಗೆ. 125 ಸಿಸಿವರೆಗಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಸಿಬಿಎಸ್ ಇರ್ತದೆ, ಒಂದು ಲಿವರ್ ಒತ್ತಿದ್ರೆ ಎರಡೂ ಚಕ್ರಕ್ಕೆ ಸ್ವಲ್ಪ ಸ್ವಲ್ಪ ಹೋಗ್ತದೆ. ಆದ್ರೆ ಚಕ್ರ ಲಾಕ್ ಆಗೋದನ್ನು ಅದು ತಡಿಯೋದಿಲ್ಲ, ಹಾಗಾಗಿ ಒಮ್ಮೆಲೇ ಹಿಂಡದೆ ಒತ್ತಡ ಏರಿಸ್ತಾ ಹೋಗಿ. ಲಾಕ್ ಆಗದಂತೆ ತಡೆಯೋ ಎಬಿಎಸ್ ಇದ್ರೆ ಪೂರ್ತಿ ಒತ್ತಿ ಹಿಡೀರಿ, ಲಿವರ್ ನಡುಗಿದ್ರೆ ಹೆದರಿ ಬಿಡಬೇಡಿ.

ಒಂದು ನಾಯಿ ದಾಟಿದ್ರೆ ವೇಗ ಏರಿಸಬೇಡಿ. ಅದರ ಹಿಂದೆ ಇನ್ನೊಂದು ಓಡಿ ಬರ್ತಿರ್ತದೆ, ಆ ಎರಡನೇದು ನಿಮ್ಮನ್ನು ನೋಡಿರೋದೇ ಇಲ್ಲ, ಮುಂದಿನದನ್ನು ನೋಡ್ತಿರ್ತದೆ.

ಸದಾಶಿವಗಡ_ಸವಾರ
ತಪ್ಪಿಸಲಿಕ್ಕೆ ಆಗೋದೇ ಇಲ್ಲ ಅಂದಾಗ ಗುದ್ದುವ ಕ್ಷಣಕ್ಕೆ ಬ್ರೇಕ್ ಬಿಡಬೇಕು ಅಂತಾರೆ. ಮುಂದಿನ ಫೋರ್ಕ್ ಮೇಲೆ ಬಂದು ಚಕ್ರ ಹತ್ತಿ ಹೋಗ್ತದೆ ಅಂತ.

ಮೆಕ್ಯಾನಿಕ್_ಗೋಕರ್ಣ_ಕ್ರಾಸ್
ಹೇಳ್ತಾರೆ. ಒದ್ದೆ ರಸ್ತೆಯಲ್ಲಿ ಆ ಅರ್ಧ ಸೆಕೆಂಡ್ ಯಾರಿಗೆ ನೆನಪಾಗ್ತದೆ? ಕೊನೆವರೆಗೂ ಒತ್ತಿ ವೇಗ ಇಳಿಸೋದೇ ವಾಸಿ ಅಂತ ನನ್ನ ಅಭಿಪ್ರಾಯ.

ಸದಾಶಿವಗಡ_ಸವಾರ
ಒಪ್ಪೋದಿಲ್ಲ. ಬ್ರೇಕ್ ಒತ್ತಿದ ಚಕ್ರ ತಗ್ಗಿರ್ತದೆ, ಹ್ಯಾಂಡಲ್ ಕೈಯಿಂದ ಕಿತ್ತು ಹೋಗ್ತದೆ.

ಸ್ಕೂಟಿ_ಕುಮಟಾ
ನೀವಿಬ್ಬರೂ ಜಗಳ ಮುಗಿಸಿ ಹೇಳಿ, ಹಿಂದಿಂದ ಬೊಗಳ್ತಾ ಓಡಿ ಬರೋದಕ್ಕೆ?

ಮೆಕ್ಯಾನಿಕ್_ಗೋಕರ್ಣ_ಕ್ರಾಸ್
ಕಾಲು ಎತ್ತಬೇಡಿ, ಒದೀಬೇಡಿ. ಕಾಲು ಎತ್ತಿದ ಕೂಡಲೇ ಸಮತೋಲ ಹೋಗ್ತದೆ. ಅದು ಬರೋದು ನಿಮ್ಮ ಮುಂದಿನ ಚಕ್ರದ ಜಾಗಕ್ಕೆ ಅಳತೆ ಹಾಕಿ. ಹಾಗಾಗಿ ದೂರದಲ್ಲೇ ಒಂದು ಗೇರ್ ಇಳಿಸಿ ನಿಧಾನ ಮಾಡಿ, ಅದು ತಿರುವು ಹಾಕಿ ಮುಂದೆ ಹೋಗ್ತದೆ, ಆಗ ಸಹಜ ವೇಗಕ್ಕೆ ಬನ್ನಿ.

ಅಂಕೋಲಾ_ಕ್ಲಚ್
ಘಟ್ಟದ ತಿರುವಿನಲ್ಲಿ ಮಂಗಗಳಿಗೆ ಬಾಳೆಹಣ್ಣು ಹಾಕೋ ಪ್ರವಾಸಿಗಳಿಗೆ ಯಾವ ಕಲಂ? ಅವರು ತಿರುವಿನ ನಡುವೆಯೇ ಕಾರು ನಿಲ್ಲಿಸ್ತಾರೆ, ಮಂಗಗಳು ನಮ್ಮ ಟೈರಿನ ಮುಂದೆ ಹಾರ್ತವೆ.

ಗೇರ್_ನಾಲ್ಕು
ಮಂಗ ಪಟ್ಟಿಯಲ್ಲಿ ಇಲ್ಲ. ಪ್ರವಾಸಿಯೂ ಇಲ್ಲ.

ಎಮ್ಮೆ_ಪಕ್ಷ
😂

ಘಟ್ಟದ_ಕೆಳಗೆ
ಪಂಚಾಯ್ತಿಯವರು ಬೀಡಾಡಿ ದನದ ಕೊರಳಿಗೆ ಹೊಳೆಯೋ ಪಟ್ಟಿ ಕಟ್ಟಿದ್ರೆ ಅರ್ಧ ಗಲಾಟೆ ಮುಗೀತಿತ್ತು.

ಪಶುವೈದ್ಯೆ_ಯಲ್ಲಾಪುರ
ಕಟ್ಟಿದ್ರೆ ಉಪಯೋಗ ಇದೆ. ಆದರೆ ಸಗಣಿ-ಕೆಸರು ಮೆತ್ತಿದ್ರೆ ಹೊಳಪು ಹೋಗ್ತದೆ, ತಿಂಗಳಿಗೊಮ್ಮೆ ತೊಳೀಬೇಕು, ತೊಳೆಯೋರು ಯಾರು? ಕೊರಳಿಗೆ ಬಿಗಿ ಕಟ್ಟಿದ್ರೆ ಬೆಳೆಯೋ ಕರುವಿಗೆ ಗಾಯ. ಕೊಂಬಿಗೆ ಅಂಟಿಸೋ ಪಟ್ಟಿ ವಾಸಿ ಅನ್ನೋರಿದ್ದಾರೆ, ಗಿಡ್ಡದ ಕೊಂಬು ಚಿಕ್ಕದು, ಎಷ್ಟು ಕಾಣ್ತದೋ.

ಹೊನ್ನಾವರದ_ಹೊಸಬಿ
ಸರಿ, ಈಗ ನನಗೆ ಬೇಕಾದ್ದು ಇಷ್ಟು. ದನದ ಚಿತ್ರ ಇರುವ ಕೆಂಪು ಅಂಚಿನ ತ್ರಿಕೋನ ಬಂದ್ರೆ ಏನು ಬರೀಲಿ? ನಿಲ್ಲಿಸಬೇಕು ಅಂತಲೇ?

ಹಳೇ_ಬ್ರೇಕ್_ಶಿರಸಿ
ಅಲ್ಲ. ತ್ರಿಕೋನ ಎಚ್ಚರಿಕೆಯ ಫಲಕ, ಆಜ್ಞೆ ಅಲ್ಲ. ಮುಂದೆ ದನ ಇರಬಹುದು, ನಿಧಾನ ಮಾಡಿ ತಯಾರಿರು ಅಂತ. ನಿಲ್ಲಿಸಲೇಬೇಕಾದ್ದು ದನದ ಜೊತೆ ಇದ್ದ ಮನುಷ್ಯ ಕೇಳಿದಾಗ. ನಿಮ್ಮ ಮೊದಲ ಪ್ರಶ್ನೆಗೂ ಇದಕ್ಕೂ ಉತ್ತರ ಬೇರೆ ಯಾಕೆ ಅಂತ ಇಲ್ಲಿ ಗೊತ್ತಾಗ್ತದೆ. ಪಾಸಾಗೋಕೆ ಶೇ 60 ಸರಿ ಇದ್ರೆ ಸಾಕು, ಆದ್ರೆ ಈ ಎರಡನ್ನು ಕಲಸಿಕೊಳ್ಳೋರು ಬಹಳ ಜನ.

ಹೊನ್ನಾವರದ_ಹೊಸಬಿ
ಮತ್ತೆ ಘಟ್ಟದ ಕುರುಡು ತಿರುವಿನಲ್ಲಿ ಹಾರ್ನ್ ಮಾಡಬೇಕು ಅಂತ ಇನ್ನೊಂದು ಪ್ರಶ್ನೆಯಲ್ಲಿ ಓದಿದ್ದೆ. ತಿರುವಿನ ಆಚೆ ದನ ಇದ್ರೆ?

ಹಳೇ_ಬ್ರೇಕ್_ಶಿರಸಿ
ಹಾರ್ನ್ ಎದುರಿನ ಗಾಡಿಗೆ, ತಿರುವಿನ ಮೊದಲು, ಒಂದೇ ಸಲ. ದನ ಕಣ್ಣಿಗೆ ಬಿದ್ದ ಮೇಲೆ ಕೈ ಹಾರ್ನ್‌ನಿಂದ ತೆಗೀರಿ.

ಕಡಲ_ಬದಿ_ಕಾರು
ತಿರುವಿನ ಆಚೆ ಬಸ್ಸೂ ಇದೆ, ದನವೂ ಇದೆ ಅಂದ್ರೆ?

ಅಂಕೋಲಾ_ಕ್ಲಚ್
ಆಗ ಆ ಬಸ್ಸಿನ ಡ್ರೈವರ್ ಹೊಡೆಯೋ ಹಾರ್ನಿಗೆ ದನ ಓಡಿ ನಿನ್ನ ಕಡೆಗೇ ಬರ್ತದೆ. ಎರಡನೇ ಗೇರಲ್ಲಿ ಹತ್ತು.